ಸೊನ್ನೆ ಯಾವುದು, ಒಂದು ಯಾವುದು: ನ್ಯೂರಲ್ ನೆಟ್‌ವರ್ಕ್ ಒಳಗೆ ಏನು ನಡೆಯುತ್ತದೆ

ಪ್ರಶ್ನೆ: ನಾನು ಕೃಷಿ ಎಂ.ಎಸ್ಸಿ. ಓದುತ್ತಿದ್ದೇನೆ, ಕೋಡ್ ಬರೆಯಲು ಬರುವುದಿಲ್ಲ. ಟೊಮೆಟೊ ಎಲೆಯ ಫೋಟೋ ನೋಡಿ ರೋಗ ಗುರುತಿಸುವ ನ್ಯೂರಲ್ ನೆಟ್‌ವರ್ಕನ್ನು ಗೆಳೆಯನೊಬ್ಬ ಮಾಡಿಕೊಟ್ಟ. ನಮ್ಮ ಫೋಟೋಗಳಲ್ಲಿ 98% ಸರಿ ಬಂತು. ಪಕ್ಕದ ಊರಿನ ಹೊಲದ ಫೋಟೋ ಕೊಟ್ಟರೆ ಅರ್ಧಕ್ಕರ್ಧ ತಪ್ಪು. "ಓವರ್‌ಫಿಟ್ಟಿಂಗ್ ಆಗಿದೆ" ಅನ್ನುತ್ತಾನೆ. ಲೇಯರ್, ಆಕ್ಟಿವೇಶನ್ ಅಂದರೆ ಏನು? ಈ ಓವರ್‌ಫಿಟ್ಟಿಂಗ್ ಎಲ್ಲಿಂದ ಬರುತ್ತದೆ? ಕೋಡ್ ಇಲ್ಲದೆ ಹೇಳುತ್ತೀರಾ?

ಉತ್ತರ: ಎಲೆಯ ಫೋಟೋವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಅದರಲ್ಲಿ ಬಣ್ಣ, ನೆರಳು, ಮಣ್ಣು, ಬೆರಳು ಎಲ್ಲವೂ ಇರುತ್ತವೆ. ಕೈಯಲ್ಲಿ ಲೆಕ್ಕ ಹಾಕಿ ನೋಡಲು ಆಗುವುದಿಲ್ಲ. ಬದಲಿಗೆ ಕನ್ನಡದ ಎರಡು ಅಂಕಿಗಳನ್ನು ತೆಗೆದುಕೊಳ್ಳೋಣ, ೦ ಮತ್ತು ೧. ಕೊನೆಗೆ ನಿಮ್ಮ ಹೊಲಕ್ಕೇ ವಾಪಸ್ ಬರುತ್ತೇನೆ.

೦ ಒಂದು ಮುಚ್ಚಿದ ಸುತ್ತು. ೧ ಅಂದರೆ ಕೆಳಗೆ ಬಾಯಿ ತೆರೆದ ಸುತ್ತು. ಅಷ್ಟೇ ವ್ಯತ್ಯಾಸ. ಅವಸರದಲ್ಲಿ ಬರೆದವರ ೧ ಎಷ್ಟೋ ಸಲ ೦ ಹಾಗೆ ಕಾಣುತ್ತದೆ, ಅಲ್ವಾ? ಕಂಪ್ಯೂಟರಿಗೆ ಈ ಚಿತ್ರ ಕೊಡುವಾಗ ಅದನ್ನು ಸಣ್ಣ ಚೌಕಗಳಾಗಿ ಕತ್ತರಿಸುತ್ತೇವೆ. ಸಾಮಾನ್ಯವಾಗಿ ಅಡ್ಡಕ್ಕೆ 28, ಉದ್ದಕ್ಕೆ 28, ಒಟ್ಟು 784 ಚೌಕ. ಪ್ರತಿ ಚೌಕಕ್ಕೆ ಒಂದು ಸಂಖ್ಯೆ. ಶಾಯಿ ಇಲ್ಲದಿದ್ದರೆ 0, ಪೂರ್ತಿ ಕಪ್ಪಗಿದ್ದರೆ 1, ನಡುವಿನದಾದರೆ 0.6, 0.3 ಹೀಗೆ. ನೆಟ್‌ವರ್ಕಿಗೆ ಅಂಕಿ ಕಾಣುವುದಿಲ್ಲ, ಈ 784 ಸಂಖ್ಯೆಗಳು ಮಾತ್ರ ಕಾಣುತ್ತವೆ.

ನಮ್ಮ ಲೆಕ್ಕಕ್ಕೆ ಅಷ್ಟೊಂದು ಬೇಡ. ಸುತ್ತಿನ ಕೆಳಭಾಗದ ಮೂರು ಜಾಗ ಸಾಕು: ಕೆಳ ಎಡ, ಕೆಳ ನಡು, ಕೆಳ ಬಲ. ಒಬ್ಬೊಬ್ಬರ ಕೈಬರಹದಲ್ಲಿ ೧ರ ಬಾಯಿ ಒಂದೊಂದು ಕಡೆ ತೆರೆದುಕೊಳ್ಳುತ್ತದೆ. ಪೆನ್ನೂ ಬೇರೆ ಬೇರೆ. ದಪ್ಪ ಪೆನ್ನಿನ ಗೆರೆ 1, ತೆಳು ಪೆನ್ನಿನ ಗೆರೆ 0.6 ಅಂದುಕೊಳ್ಳಿ. ಆಗ ನಮ್ಮ ಹತ್ತಿರ ಐದು ಚಿತ್ರಗಳಿವೆ:

ದಪ್ಪ ಪೆನ್ನಿನ ಸೊನ್ನೆ: 1, 1, 1
ತೆಳು ಪೆನ್ನಿನ ಸೊನ್ನೆ: 0.6, 0.6, 0.6
ದಪ್ಪ ಪೆನ್ನಿನ ಒಂದು, ಮೂರು ಬಗೆ: 0, 1, 1 ಮತ್ತು 1, 0, 1 ಮತ್ತು 1, 1, 0

ಈಗ ಒಂದೇ ಒಂದು ನ್ಯೂರಾನ್ ಇಟ್ಟು ನೋಡೋಣ. ಹೆಸರು ಕೇಳಿ ಮಿದುಳು ಅಂದುಕೊಳ್ಳಬೇಡಿ. ಅದು ಮಾಡುವುದು ಗುಣಿಸಿ ಕೂಡಿಸುವ ಕೆಲಸ. ಬಂದ ಪ್ರತಿ ಸಂಖ್ಯೆಯನ್ನೂ ಒಂದು ತೂಕದಿಂದ ಗುಣಿಸುತ್ತದೆ, ಎಲ್ಲವನ್ನೂ ಕೂಡಿಸುತ್ತದೆ, ಕೊನೆಗೆ ಒಂದು ಸ್ಥಿರ ಸಂಖ್ಯೆ ಸೇರಿಸುತ್ತದೆ. ಈ ಸ್ಥಿರ ಸಂಖ್ಯೆಗೆ ಬಯಾಸ್ ಅನ್ನುತ್ತಾರೆ. ಬಂದ ಉತ್ತರ ಒಂದು ಗಡಿ ದಾಟಿದರೆ "ಸೊನ್ನೆ", ದಾಟದಿದ್ದರೆ "ಒಂದು".

ಮೂರೂ ಜಾಗಕ್ಕೆ ತೂಕ 1 ಕೊಟ್ಟು ಕೂಡಿಸಿ. ದಪ್ಪ ಸೊನ್ನೆಗೆ 3 ಬರುತ್ತದೆ. ಮೂರು ಬಗೆಯ ಒಂದಕ್ಕೂ 2 ಬರುತ್ತದೆ. ತೆಳು ಸೊನ್ನೆಗೆ 1.8. ತೊಂದರೆ ಕಂಡಿತಾ? ಗಡಿಯನ್ನು 2.5ಕ್ಕೆ ಇಟ್ಟರೆ ತೆಳು ಸೊನ್ನೆ "ಒಂದು" ಆಗಿಬಿಡುತ್ತದೆ. 1.5ಕ್ಕೆ ಇಳಿಸಿದರೆ ಎಲ್ಲ ಒಂದುಗಳೂ "ಸೊನ್ನೆ" ಆಗುತ್ತವೆ.

ತೂಕಗಳನ್ನು ಬದಲಾಯಿಸಿದರೆ ಆಗಬಹುದಾ? ಆಗುವುದಿಲ್ಲ, ಯಾವ ತೂಕ ಕೊಟ್ಟರೂ ಆಗುವುದಿಲ್ಲ. ಕಾರಣ ಚೆನ್ನಾಗಿದೆ, ನಿಧಾನವಾಗಿ ನೋಡಿ. ಮೂರು ಬಗೆಯ ಒಂದುಗಳ ಸರಾಸರಿ ತೆಗೆಯಿರಿ. ಪ್ರತಿ ಜಾಗದಲ್ಲೂ ಮೂರರಲ್ಲಿ ಎರಡು ಸಲ ಶಾಯಿ ಇದೆ, ಆದ್ದರಿಂದ ಸರಾಸರಿ 0.67, 0.67, 0.67. ಇದು ತೆಳು ಸೊನ್ನೆ (0.6) ಮತ್ತು ದಪ್ಪ ಸೊನ್ನೆ (1) ಇವೆರಡರ ನಡುವೆ ಕೂತಿದೆ. ಗುಣಿಸಿ ಕೂಡಿಸುವ ಲೆಕ್ಕದಲ್ಲಿ ಎರಡು ತುದಿಗಳೂ ಗಡಿ ದಾಟಿದರೆ ನಡುವಿನದೂ ದಾಟಲೇಬೇಕು. ಸರಾಸರಿ ದಾಟಿತು ಅಂದರೆ ಮೂರು ಒಂದುಗಳಲ್ಲಿ ಕನಿಷ್ಠ ಒಂದಾದರೂ ದಾಟಿರಬೇಕು. ಅದು ತಪ್ಪು ಉತ್ತರ. ಅಂದರೆ ಒಂಟಿ ನ್ಯೂರಾನಿನ ಕೈಯಲ್ಲಿ ಈ ಕೆಲಸ ಆಗುವುದೇ ಇಲ್ಲ. 1969ರಲ್ಲಿ ಮಾರ್ವಿನ್ ಮಿನ್ಸ್ಕಿ ಮತ್ತು ಸೀಮೋರ್ ಪ್ಯಾಪರ್ಟ್ ಗಣಿತದಲ್ಲಿ ತೋರಿಸಿದ್ದು ಇಂಥ ಮಿತಿಗಳನ್ನೇ.

ಈಗ ನಡುವೆ ಒಂದು ಲೇಯರ್, ಅಂದರೆ ನ್ಯೂರಾನುಗಳ ಒಂದು ಸಾಲು, ಹಾಕೋಣ. ಮೂರು ನ್ಯೂರಾನ್ ಇಡುತ್ತೇನೆ. ಮೊದಲನೆಯದು ಕೆಳ ಎಡವನ್ನು ಮಾತ್ರ ನೋಡುತ್ತದೆ, ಎರಡನೆಯದು ನಡುವನ್ನು, ಮೂರನೆಯದು ಬಲವನ್ನು. ಪ್ರತಿಯೊಂದೂ 0.5ರಿಂದ ತನ್ನ ಜಾಗದ ಶಾಯಿಯನ್ನು ಕಳೆಯುತ್ತದೆ. ಅಂದರೆ ತೂಕ −1, ಬಯಾಸ್ 0.5. "ಇಲ್ಲಿ ಬಾಯಿ ತೆರೆದಿದೆಯಾ?" ಅನ್ನುವುದು ಅದರ ಪ್ರಶ್ನೆ. ಶಾಯಿ 0 ಇದ್ದರೆ ಉತ್ತರ 0.5. ಶಾಯಿ 1 ಇದ್ದರೆ −0.5. ಶಾಯಿ 0.6 ಇದ್ದರೆ −0.1. ಆಮೇಲೆ ಕೊನೆಯ ಲೇಯರಿನಲ್ಲಿ ಒಂದು ನ್ಯೂರಾನ್ ಈ ಮೂರು ಉತ್ತರಗಳನ್ನು ಕೂಡಿಸುತ್ತದೆ.

ಇಷ್ಟೇ ಮಾಡಿ ನಿಲ್ಲಿಸಿದರೆ ಏನಾಗುತ್ತದೆ? ತೆಳು ಸೊನ್ನೆಗೆ −0.3. ಒಂದುಗಳಿಗೆ −0.5. ದಪ್ಪ ಸೊನ್ನೆಗೆ −1.5. ಮತ್ತೆ ಒಂದುಗಳು ಎರಡು ಸೊನ್ನೆಗಳ ನಡುವೆಯೇ ಸಿಕ್ಕಿಹಾಕಿಕೊಂಡಿವೆ! ನೋಡಿದರೆ ಇದು 1.5ರಿಂದ ಒಟ್ಟು ಶಾಯಿಯನ್ನು ಕಳೆದ ಹಾಗೆ ಅಷ್ಟೇ. ಮೂರು ನ್ಯೂರಾನ್ ಇಟ್ಟರೂ ಒಂದೇ ನ್ಯೂರಾನಿನ ಕೆಲಸ ಆಯಿತು. ಗುಣಿಸಿ ಕೂಡಿಸಿದ್ದನ್ನು ಮತ್ತೆ ಗುಣಿಸಿ ಕೂಡಿಸಿದರೆ ಸಿಗುವುದು ಇನ್ನೊಂದು ಗುಣಿಸಿ ಕೂಡಿಸುವ ಲೆಕ್ಕವೇ. ಹೀಗೆ ನೂರು ಲೇಯರ್ ಪೇರಿಸಿದರೂ ಒಂದೇ ಲೇಯರಿಗೆ ಸಮ.

ಆಕ್ಟಿವೇಶನ್ ಬೇಕಾಗುವುದು ಇಲ್ಲೇ. ಪ್ರತಿ ನ್ಯೂರಾನಿನ ಉತ್ತರ ಮುಂದಕ್ಕೆ ಹೋಗುವ ಮೊದಲು ಅದಕ್ಕೊಂದು ಚಿಕ್ಕ ನಿಯಮ ಹಾಕುತ್ತೇವೆ: ಸೊನ್ನೆಗಿಂತ ಕಡಿಮೆ ಇದ್ದರೆ ಸೊನ್ನೆ ಮಾಡು, ಜಾಸ್ತಿ ಇದ್ದರೆ ಹಾಗೇ ಬಿಡು. ಇದರ ಹೆಸರು ರೆಲೂ. ಈಗ ಮತ್ತೆ ಲೆಕ್ಕ ಹಾಕಿ. ದಪ್ಪ ಸೊನ್ನೆಯ ಮೂರೂ ಉತ್ತರ −0.5 ಇದ್ದವು, ಮೂರೂ 0 ಆದವು. ತೆಳು ಸೊನ್ನೆಯ −0.1 ಕೂಡ 0 ಆಯಿತು. ಎರಡರ ಮೊತ್ತವೂ 0. ಒಂದುಗಳಲ್ಲಿ ಬಾಯಿ ತೆರೆದ ಜಾಗದಿಂದ 0.5 ಬರುತ್ತದೆ, ಉಳಿದ ಎರಡು ಜಾಗ 0. ಮೊತ್ತ 0.5. ಗಡಿಯನ್ನು 0.25ಕ್ಕೆ ಇಡಿ, ಈ ಸಲ ದಾಟಿದರೆ "ಒಂದು", ದಾಟದಿದ್ದರೆ "ಸೊನ್ನೆ". ಐದೂ ಚಿತ್ರ ಸರಿ!

ಏನು ಬದಲಾಯಿತು ಅಂತ ಗಮನಿಸಿ. ಮೊದಲು, ಎರಡು ಜಾಗದಲ್ಲಿರುವ ದಪ್ಪ ಶಾಯಿ ಮೂರನೆಯ ಜಾಗದ ಖಾಲಿಯನ್ನು ಮುಚ್ಚಿಹಾಕುತ್ತಿತ್ತು. ರೆಲೂ ಬಂದ ಮೇಲೆ "ಇಲ್ಲಿ ಶಾಯಿ ಇದೆ" ಅನ್ನುವ ನ್ಯೂರಾನ್ ಸುಮ್ಮನಾಗುತ್ತದೆ. ಶಾಯಿ ಎಷ್ಟು ದಪ್ಪ ಅನ್ನುವುದನ್ನು ಮುಂದಿನ ಲೇಯರಿಗೆ ದಾಟಿಸುವುದಿಲ್ಲ. ಬೇಡದ ಸುದ್ದಿಯನ್ನು ದಾರಿಯಲ್ಲೇ ಬಿಟ್ಟು ಬೇಕಾದದ್ದನ್ನು ಮಾತ್ರ ಮುಂದೆ ಕಳಿಸಲು ಸಾಧ್ಯವಾದದ್ದು ಈ ಪುಟ್ಟ ನಿಯಮದಿಂದ. ಲೇಯರುಗಳಿಗೆ ಬೆಲೆ ಬರುವುದು ಅವುಗಳ ನಡುವೆ ಇದು ಇದ್ದಾಗಲೇ.

ಇನ್ನೂ ಒಂದು ಚಿತ್ರ ಕೊಟ್ಟು ನೋಡೋಣ. ತೆಳು ಪೆನ್ನಿನ ಒಂದು: 0.6, 0, 0.6. ಇದು ನಮ್ಮ ಐದು ಚಿತ್ರಗಳಲ್ಲಿ ಇರಲಿಲ್ಲ. ಲೆಕ್ಕ ಹಾಕಿದರೆ ಮೊತ್ತ 0.5, "ಒಂದು" ಅನ್ನುತ್ತದೆ. ಸರಿ. ನೋಡದೇ ಇದ್ದ ಚಿತ್ರಕ್ಕೂ ಸರಿ ಉತ್ತರ ಬಂತು. ಈಗ ಪೆನ್ಸಿಲಿನಲ್ಲಿ ಬರೆದ ಮಸುಕು ಸೊನ್ನೆ: 0.4, 0.4, 0.4. ಪ್ರತಿ ನ್ಯೂರಾನಿನಿಂದಲೂ 0.1, ಮೊತ್ತ 0.3. ಗಡಿ 0.25 ದಾಟಿತು. "ಒಂದು" ಅನ್ನುತ್ತದೆ. ತಪ್ಪು! ಈ ಪೆನ್ಸಿಲ್ ಸೊನ್ನೆಯನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಪಕ್ಕದೂರಿನ ಹೊಲಕ್ಕೂ ಇದಕ್ಕೂ ಸಂಬಂಧ ಇದೆ.

ಇಲ್ಲಿಯವರೆಗೆ ತೂಕಗಳನ್ನು ನಾನೇ ಆರಿಸಿದೆ. ನಿಜವಾದ ನೆಟ್‌ವರ್ಕಿನಲ್ಲಿ ಯಾರೂ ಆರಿಸುವುದಿಲ್ಲ. ಮೊದಲು ತೂಕಗಳನ್ನು ಮನಸ್ಸಿಗೆ ಬಂದ ಸಣ್ಣ ಸಂಖ್ಯೆಗಳಿಂದ ತುಂಬುತ್ತಾರೆ. ಚಿತ್ರ ಕೊಡುತ್ತಾರೆ, ಉತ್ತರ ಎಷ್ಟು ತಪ್ಪಿತು ಅಂತ ಅಳೆಯುತ್ತಾರೆ. ಈ ಅಳತೆಗೆ ಲಾಸ್ ಅಂತ ಹೆಸರು. ಆಮೇಲೆ ಪ್ರತಿ ತೂಕವನ್ನೂ ಲಾಸ್ ಕಡಿಮೆಯಾಗುವ ಕಡೆಗೆ ಒಂಚೂರು ಸರಿಸುತ್ತಾರೆ. ಯಾವ ತೂಕವನ್ನು ಯಾವ ಕಡೆ ಎಷ್ಟು ಸರಿಸಬೇಕು ಅನ್ನುವುದನ್ನು ಕೊನೆಯ ಲೇಯರಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರುತ್ತಾರೆ. ಈ ವಿಧಾನ ಎಲ್ಲರಿಗೂ ಪರಿಚಯವಾದದ್ದು 1986ರಲ್ಲಿ ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಬರೆದ ಪ್ರಬಂಧದಿಂದ. ಹೀಗೆ ಸಾವಿರಾರು ಸಲ ಸರಿಸುತ್ತಾ ಹೋದರೆ ತೂಕಗಳು ಒಂದು ಕಡೆ ನಿಲ್ಲುತ್ತವೆ.

ಒಂದು ಮಾತು ಸ್ಪಷ್ಟವಾಗಿರಲಿ. "ಒಂದನೇ ಲೇಯರ್ ಗೆರೆ ನೋಡುತ್ತದೆ, ಎರಡನೆಯದು ಆಕಾರ ನೋಡುತ್ತದೆ" ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಚಿತ್ರಗಳಿಗೆಂದೇ ಮಾಡಿದ ಕೆಲವು ನೆಟ್‌ವರ್ಕುಗಳಲ್ಲಿ ಇದು ಬಹುಮಟ್ಟಿಗೆ ನಿಜ. ಆದರೆ ಹಾಗೆ ನೋಡು ಅಂತ ಯಾರೂ ಅದಕ್ಕೆ ಹೇಳಿರುವುದಿಲ್ಲ. ಬಾಯಿ ತೆರೆದಿದೆಯಾ ಅನ್ನುವ ಪ್ರಶ್ನೆ ನನ್ನದು. ನೆಟ್‌ವರ್ಕ್ ತಾನೇ ಕಲಿಯುವಾಗ ಲಾಸ್ ಕಡಿಮೆ ಮಾಡುವ ಯಾವ ಗುರುತು ಸಿಕ್ಕರೂ ಅದನ್ನೇ ಹಿಡಿದುಕೊಳ್ಳುತ್ತದೆ.

ಉದಾಹರಣೆಗೆ, ಎಲ್ಲ ೧ಗಳನ್ನೂ ಒಂದೇ ದಿನ ಸ್ಕ್ಯಾನ್ ಮಾಡಿದಿರಿ, ಅವತ್ತು ಸ್ಕ್ಯಾನರ್ ಗಾಜಿನ ಮೂಲೆಯಲ್ಲಿ ಒಂದು ಕಲೆ ಇತ್ತು ಅಂದುಕೊಳ್ಳಿ. ಪ್ರತಿ ೧ರ ಮೂಲೆ ಚೌಕದಲ್ಲೂ 0.3 ಶಾಯಿ. ೦ಗಳಲ್ಲಿ ಅದು ಇಲ್ಲ. ಬಾಯಿ ಹುಡುಕುವುದಕ್ಕಿಂತ ಆ ಒಂದು ಚೌಕಕ್ಕೆ ದೊಡ್ಡ ತೂಕ ಕೊಡುವುದು ಎಷ್ಟೋ ಸುಲಭ. ನೆಟ್‌ವರ್ಕ್ ಕಲೆಯನ್ನು ಕಲಿಯುತ್ತದೆ. ನಿಮ್ಮ ಚಿತ್ರಗಳಲ್ಲಿ 100% ಬರುತ್ತದೆ. ಗಾಜು ಒರೆಸಿದ ಮರುದಿನ ಎಲ್ಲವೂ "ಸೊನ್ನೆ".

ಓವರ್‌ಫಿಟ್ಟಿಂಗ್ ಅಂದರೆ ಇದರ ಹತ್ತಿರದ್ದೇ: ಅಂಕಿಗೆ ಸಂಬಂಧಿಸಿದ್ದನ್ನು ಬಿಟ್ಟು, ಕೈಗೆ ಸಿಕ್ಕ ಚಿತ್ರಗಳಲ್ಲಿ ಆಕಸ್ಮಿಕವಾಗಿ ಇದ್ದದ್ದನ್ನು ಕಲಿಯುವುದು. ಅದಕ್ಕೆ ಜಾಗ ಎಲ್ಲಿಂದ ಬರುತ್ತದೆ? ತೂಕಗಳನ್ನು ಎಣಿಸಿ. 784 ಸಂಖ್ಯೆ ಒಳಗೆ ಬರುತ್ತವೆ, ನಡುವಿನ ಲೇಯರಿನಲ್ಲಿ 128 ನ್ಯೂರಾನ್ ಇವೆ, ಕೊನೆಯಲ್ಲಿ ಹತ್ತು ಅಂಕಿಗೆ 10 ನ್ಯೂರಾನ್ ಇವೆ ಅಂದುಕೊಳ್ಳಿ. ಇದು ತರಗತಿಯಲ್ಲಿ ಮಾಡಿಸುವ ಚಿಕ್ಕ ನೆಟ್‌ವರ್ಕ್. ಬಯಾಸ್ ಸೇರಿಸಿ ಮೊದಲ ಹಂತಕ್ಕೆ 1,00,480, ಎರಡನೆಯದಕ್ಕೆ 1,290. ಒಟ್ಟು 1,01,770 ಸಂಖ್ಯೆಗಳನ್ನು ಬದಲಾಯಿಸಬಹುದು. ನಿಮ್ಮ ಹತ್ತಿರ 500 ಚಿತ್ರ ಇದ್ದರೆ, ಒಂದೊಂದು ಚಿತ್ರವನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಂಡರೂ ಇನ್ನೂ ಜಾಗ ಉಳಿಯುತ್ತದೆ.

ಇದು ಬರೀ ಊಹೆ ಅಲ್ಲ. 2017ರಲ್ಲಿ ಚಿಯುವಾನ್ ಜಾಂಗ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. 50,000 ಫೋಟೋಗಳ ಹೆಸರುಗಳನ್ನು ಸುಮ್ನೆ ಮನಬಂದಂತೆ ಅದಲುಬದಲು ಮಾಡಿದರು. ನಾಯಿಗೆ ಹಡಗು, ಹಡಗಿಗೆ ಕಪ್ಪೆ. ಕಲಿಯಲು ಅಲ್ಲಿ ಏನೂ ಇರಲಿಲ್ಲ. ಆದರೂ ನೆಟ್‌ವರ್ಕ್ ಆ ಸುಳ್ಳು ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸಿತು. ಕಲಿಕೆಗೆ ಕೊಟ್ಟ ಚಿತ್ರಗಳಲ್ಲಿ ಬರುವ ಅಂಕಕ್ಕೆ ನಾನು ಯಾವ ಬೆಲೆಯನ್ನೂ ಕೊಡದಿರುವುದು ಇದಕ್ಕೇ.

ಹಾಗಾದರೆ ಓವರ್‌ಫಿಟ್ಟಿಂಗ್ ಗೊತ್ತಾಗುವುದು ಹೇಗೆ? ಒಂದಷ್ಟು ಚಿತ್ರಗಳನ್ನು ಕಲಿಕೆಗೆ ಕೊಡದೆ ಎತ್ತಿಡಬೇಕು. ಇವಕ್ಕೆ ವ್ಯಾಲಿಡೇಶನ್ ಚಿತ್ರಗಳು ಅನ್ನುತ್ತಾರೆ. ಕಲಿಕೆ ನಡೆಯುತ್ತಾ ಹೋದಂತೆ ಎರಡು ಲಾಸ್ ಬರೆದಿಡಿ: ಕಲಿಕೆಯ ಚಿತ್ರಗಳದ್ದು, ಎತ್ತಿಟ್ಟವುಗಳದ್ದು. ಮೊದಲು ಎರಡೂ ಇಳಿಯುತ್ತವೆ. ಒಂದು ಹಂತದ ನಂತರ ಕಲಿಕೆಯದ್ದು ಇಳಿಯುತ್ತಲೇ ಇರುತ್ತದೆ, ಎತ್ತಿಟ್ಟದ್ದು ಏರಲು ಶುರುವಾಗುತ್ತದೆ. ಅಲ್ಲಿಂದ ಆಚೆ ನೆಟ್‌ವರ್ಕ್ ಕಲಿಯುತ್ತಿರುವುದು ಬಾಯಿಪಾಠವನ್ನೇ.

ಇಲ್ಲಿ ಲಾಸ್ ನೋಡಿ, ಶೇಕಡಾ ಮಾತ್ರ ನೋಡಬೇಡಿ. ನೆಟ್‌ವರ್ಕ್ ಉತ್ತರದ ಜೊತೆಗೆ ಎಷ್ಟು ನಂಬಿಕೆ ಅಂತಲೂ ಹೇಳುತ್ತದೆ. ಸರಿ ಉತ್ತರಕ್ಕೆ 0.5 ನಂಬಿಕೆ ಕೊಟ್ಟರೆ ಲಾಸ್ 0.69. ಸರಿ ಉತ್ತರಕ್ಕೆ ಬರೀ 0.01 ಕೊಟ್ಟು, ತಪ್ಪನ್ನೇ ಗಟ್ಟಿಯಾಗಿ ಹೇಳಿದರೆ ಲಾಸ್ 4.6. ಬಾಯಿಪಾಠ ಶುರುವಾದಾಗ ತಪ್ಪುಗಳ ಎಣಿಕೆ ಅಷ್ಟೇ ಇದ್ದರೂ, ತಪ್ಪನ್ನು ಹೇಳುವ ಧೈರ್ಯ ಬೆಳೆಯುತ್ತಾ ಹೋಗುತ್ತದೆ. ಶೇಕಡಾವಾರು ಅಲುಗಾಡುವುದಿಲ್ಲ, ಲಾಸ್ ಏರುತ್ತದೆ.

ಮದ್ದುಗಳು ಕೆಲವು ಇವೆ. ವ್ಯಾಲಿಡೇಶನ್ ಲಾಸ್ ಏರುವ ಹೊತ್ತಿಗೆ ಕಲಿಕೆ ನಿಲ್ಲಿಸಬಹುದು. ತೂಕಗಳು ತುಂಬಾ ದೊಡ್ಡದಾದರೆ ದಂಡ ಹಾಕಬಹುದು. ಮೂಲೆಯ ಒಂದೇ ಚೌಕಕ್ಕೆ ಭಾರಿ ತೂಕ ಕೊಡುವ ಚಾಳಿ ಇದರಿಂದ ತಗ್ಗುತ್ತದೆ. ಡ್ರಾಪ್‌ಔಟ್ ಅಂತ ಇನ್ನೊಂದಿದೆ: ಕಲಿಕೆಯ ಪ್ರತಿ ಸುತ್ತಿನಲ್ಲೂ ಕೆಲವು ನ್ಯೂರಾನುಗಳನ್ನು ಲಾಟರಿ ಎತ್ತಿದ ಹಾಗೆ ಆರಿಸಿ ಮಲಗಿಸುತ್ತಾರೆ, ಯಾವುದೋ ಒಂದನ್ನೇ ನಂಬಿಕೊಂಡು ಕೂರದಿರಲಿ ಅಂತ. ಚಿತ್ರಗಳನ್ನು ಸ್ವಲ್ಪ ಸರಿಸಿ, ಸ್ವಲ್ಪ ಓರೆ ಮಾಡಿ ಹೆಚ್ಚಿಸಲೂಬಹುದು. ಆದರೆ ೧ನ್ನು ತಲೆಕೆಳಗು ಮಾಡಿದರೆ ಬಾಯಿ ಮೇಲಕ್ಕೆ ಬರುತ್ತದೆ, ಅದು ಯಾವ ಅಂಕಿಯೂ ಅಲ್ಲ. ಎಷ್ಟು ತಿರುಗಿಸಬಹುದು ಅನ್ನುವುದನ್ನು ವಿಷಯ ಗೊತ್ತಿದ್ದವರೇ ಹೇಳಬೇಕು.

ಈಗ ನಿಮ್ಮ 98%. ನನಗೆ ಅನುಮಾನ ಇರುವುದು ಎತ್ತಿಟ್ಟ ಫೋಟೋಗಳ ಮೇಲೆ. ನಾನೂ ಒಮ್ಮೆ ಇಲ್ಲೇ ಎಡವಿದ್ದೇನೆ. ಕೈಬರಹದ ಅಂಕಿಗಳನ್ನು ಕೆಲವರಿಂದ ಬರೆಸಿದ್ದೆವು, ಒಬ್ಬೊಬ್ಬರು ಒಂದೊಂದು ಅಂಕಿಯನ್ನು ಹತ್ತಾರು ಸಲ. ಎಲ್ಲ ಚಿತ್ರಗಳನ್ನೂ ಕಲಸಿ ಐದರಲ್ಲಿ ಒಂದು ಪಾಲು ಎತ್ತಿಟ್ಟೆವು. ಫಲಿತಾಂಶ ಬಹಳ ಚೆನ್ನಾಗಿತ್ತು. ಹೊಸಬರ ಹಾಳೆ ಬಂದ ದಿನ ಕುಸಿಯಿತು. ಎತ್ತಿಟ್ಟ ಪಾಲಿನಲ್ಲಿದ್ದದ್ದೂ ಅದೇ ಜನರ ಕೈ. ಪರೀಕ್ಷೆಗೆ ಬಂದ ಪ್ರಶ್ನೆ ಪಾಠದಲ್ಲೇ ಇತ್ತು. ಆಮೇಲೆ ಬರೆದವರ ಲೆಕ್ಕದಲ್ಲಿ ಭಾಗ ಮಾಡಿದೆವು: ಒಬ್ಬರ ಎಲ್ಲ ಚಿತ್ರಗಳೂ ಒಂದೇ ಕಡೆ. ಅಂಕ ಇಳಿಯಿತು, ಆದರೆ ಅದು ನಿಜವಾದ ಅಂಕ.

ನಿಮ್ಮಲ್ಲಿ ಒಂದೇ ಗಿಡದ ನಾಲ್ಕು ಎಲೆ, ಒಂದೇ ಎಲೆಯ ಮೂರು ಫೋಟೋ ಇರುವ ಸಾಧ್ಯತೆ ಹೆಚ್ಚು. ಮೊದಲು ಗಿಡದ ಲೆಕ್ಕದಲ್ಲಿ, ಸಾಧ್ಯವಾದರೆ ಸಾಲಿನ ಲೆಕ್ಕದಲ್ಲಿ, ಭಾಗ ಮಾಡಿ ಮತ್ತೆ ಕಲಿಸಲು ಗೆಳೆಯರಿಗೆ ಹೇಳಿ. 98% ಜೋರಾಗಿ ಇಳಿದರೆ, ಅವರು ಹೇಳಿದ್ದು ಸರಿ, ಬಾಯಿಪಾಠ ಆಗಿತ್ತು. ಮೇಲಿನ ಮದ್ದುಗಳು ಕೆಲಸಕ್ಕೆ ಬರುತ್ತವೆ.

ಇಳಿಯದೇ ಇದ್ದರೆ? ಆಗ ತೊಂದರೆ ಬೇರೆ, ಅದು ಪೆನ್ಸಿಲ್ ಸೊನ್ನೆಯ ತೊಂದರೆ. ನಮ್ಮ ಮೂರು ನ್ಯೂರಾನಿನ ನೆಟ್‌ವರ್ಕ್ ಬಾಯಿಪಾಠ ಮಾಡಿರಲಿಲ್ಲ. ಸರಿಯಾದ ಗುರುತನ್ನೇ ನೋಡುತ್ತಿತ್ತು. ಅಷ್ಟು ಮಸುಕಾದ ಶಾಯಿಯನ್ನು ಅದು ಕಂಡಿರಲಿಲ್ಲ ಅಷ್ಟೇ. ಕನ್ನಡ ಅಂಕಿಗಳಲ್ಲೇ ಇದರ ಒಳ್ಳೆಯ ದಾಖಲೆ ಇದೆ. 2019ರಲ್ಲಿ ವಿನಯ್ ಪ್ರಭು ಅವರು ಕನ್ನಡ-ಎಂನಿಸ್ಟ್ ಅನ್ನುವ ಚಿತ್ರಸಂಗ್ರಹ ಹೊರತಂದರು. ಬೆಂಗಳೂರಿನ 65 ಜನ ಬರೆದ ಅಂಕಿಗಳು, ಕಲಿಕೆಗೆ 60,000, ಪರೀಕ್ಷೆಗೆ 10,000. ಜೊತೆಗೆ ಇನ್ನೊಂದು 10,240 ಚಿತ್ರಗಳ ಗುಂಪು: ಅಮೆರಿಕದಲ್ಲಿ, ಕನ್ನಡ ಮನೆಮಾತಲ್ಲದವರು, ಬೇರೆ ಪೆನ್ನು, ಬೇರೆ ಹಾಳೆಯಲ್ಲಿ ಬರೆದು, ಬೇರೆ ಸ್ಕ್ಯಾನರಿನಲ್ಲಿ ತೆಗೆದದ್ದು. ಬೆಂಗಳೂರಿನ ಪರೀಕ್ಷಾ ಚಿತ್ರಗಳಲ್ಲಿ ಸುಮಾರು 97% ಗಳಿಸಿದ ನೆಟ್‌ವರ್ಕ್ ಈ ಗುಂಪಿನಲ್ಲಿ ಸುಮಾರು 76%ಕ್ಕೆ ಇಳಿಯಿತು.

ಎಲೆಗಳಲ್ಲಿ ಇಳಿತ ಇನ್ನೂ ಜಾಸ್ತಿ. 2016ರಲ್ಲಿ ಮೊಹಾಂತಿ, ಹ್ಯೂಸ್, ಸಲಾಥೆ ಮೂವರೂ ಸೇರಿ 54,306 ಎಲೆಯ ಫೋಟೋಗಳ ಮೇಲೆ ಕೆಲಸ ಮಾಡಿದರು. ಅದೇ ಸಂಗ್ರಹದಿಂದ ಎತ್ತಿಟ್ಟವುಗಳಲ್ಲಿ 99.35% ಬಂತು. ಬೇರೆ ಕಡೆ ಬೇರೆ ಸ್ಥಿತಿಯಲ್ಲಿ ತೆಗೆದ ಫೋಟೋಗಳಲ್ಲಿ ಬಂದದ್ದು 31%ರ ಆಸುಪಾಸು. ಕಲಿಕೆಯ ಫೋಟೋಗಳು ಕಿತ್ತ ಎಲೆಯನ್ನು ಸಾದಾ ಹಿನ್ನೆಲೆಯಲ್ಲಿಟ್ಟು ತೆಗೆದವು. ಹೊಲದಲ್ಲಿ ಹಾಗೆ ಯಾರು ಇಡುತ್ತಾರೆ ಹೇಳಿ?

ಈ ಎರಡನೆಯ ತೊಂದರೆಗೆ ಡ್ರಾಪ್‌ಔಟ್ ಹೆಚ್ಚಿಸಿ ಕೂತರೆ ಹೆಚ್ಚೇನೂ ಸಿಗುವುದಿಲ್ಲ. ಪಕ್ಕದೂರಿಗೆ ಹೋಗಿ ಫೋಟೋ ತೆಗೆಯಬೇಕು. ಬೇರೆ ಮಣ್ಣು, ಬೇರೆ ತಳಿ, ಬೆಳಗಿನ ಬಿಸಿಲು, ಮೋಡದ ಮಧ್ಯಾಹ್ನ, ಇನ್ನೊಬ್ಬರ ಫೋನ್. ನಾಲ್ಕು ಹೊಲಗಳ ಫೋಟೋ ಸಿಕ್ಕರೆ ಮೂರರಲ್ಲಿ ಕಲಿಸಿ, ನಾಲ್ಕನೆಯದನ್ನು ಪೂರ್ತಿ ಎತ್ತಿಡಿ. ಸರದಿಯಲ್ಲಿ ನಾಲ್ಕು ಸಲ ಹೀಗೆ ಮಾಡಿ, ಪ್ರತಿ ಸಲವೂ ಎತ್ತಿಟ್ಟ ಹೊಲದ ಅಂಕ ಬರೆದುಕೊಳ್ಳಿ. ವರದಿಯಲ್ಲಿ 98% ಇದ್ದ ಜಾಗಕ್ಕೆ ಆ ನಾಲ್ಕು ಸಂಖ್ಯೆಗಳನ್ನು ಹಾಕಿ. ಅವುಗಳಲ್ಲಿ ಯಾವುದು ತೀರಾ ಕೆಳಗಿದೆಯೋ ಆ ಹೊಲದ ತಪ್ಪಾದ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿ. ಎಲೆಯ ಚುಕ್ಕೆ ನಿಜಕ್ಕೂ ಬೇರೆ ಥರ ಇದೆಯಾ, ಅಥವಾ ಹಿಂದಿನ ಮಣ್ಣಿನ ಬಣ್ಣ ಮಾತ್ರ ಬೇರೆಯಾ ಅನ್ನುವುದು ರೋಗ ಗೊತ್ತಿರುವ ನಿಮ್ಮ ಕಣ್ಣಿಗೆ ಗೆಳೆಯನಿಗಿಂತ ಬೇಗ ಕಾಣುತ್ತದೆ.